ಡ್ರಾಯರ್ ಮುಚ್ಚುವವರೆಗೂ ಕಣ್ಣು ಕದಲದಂತೆ

ಮರಗೆಲಸ ನಡೆಯುತ್ತಿರುವಾಗ ತೆಗೆದ ವಿಡಿಯೊ ನೋಡುವವರನ್ನು ತಾನಾಗಿಯೇ ಹಿಡಿದಿಡುತ್ತದೆ. ಗರಗಸ ಇಳಿಯುತ್ತದೆ, ಉಜ್ಜುಗೊರಡಿನ ಬಾಯಿಂದ ಮರದ ಸಿಪ್ಪೆ ಸುರುಳಿಯಾಗಿ ಬರುತ್ತದೆ, ಎರಡು ಹಲಗೆಗಳು ಸರಿಯಾಗಿ ಕೂಡುತ್ತವೆಯೋ ಇಲ್ಲವೋ ಎಂಬ ಕುತೂಹಲ ಇರುತ್ತದೆ. ಕೆಲಸ ಮುಗಿದ ಮೇಲಿನ ಕಥೆಯೇ ಬೇರೆ. ಪಾಲಿಶ್ ಒಣಗಿದ ಮೇಜು ಸುಮ್ಮನೆ ನಿಂತಿರುತ್ತದೆ. ಮೊಬೈಲ್ ಹಿಡಿದು ಅದಕ್ಕೊಂದು ಪ್ರದಕ್ಷಿಣೆ ಹಾಕಿ ತೆಗೆದ ವಿಡಿಯೊದಲ್ಲಿ ಹೇಳುವುದೆಲ್ಲ ಮೊದಲ ಎರಡು ಸೆಕೆಂಡಿನಲ್ಲೇ ಮುಗಿದುಹೋಗುತ್ತದೆ: ಇದು ಮೇಜು, ಚೆನ್ನಾಗಿದೆ. ನೋಡುವವರ ಬೆರಳು ಮುಂದಿನ ವಿಡಿಯೊಗೆ ಸರಿಯುತ್ತದೆ.

ಅದೇ ಮೇಜನ್ನು ಕಾರ್ಖಾನೆಗೇ ಬಂದು ನೋಡುವ ಗಿರಾಕಿ ಹಾಗೆ ಮಾಡುವುದಿಲ್ಲ. ಮೊದಲು ದೂರದಿಂದ ನೋಡುತ್ತಾರೆ. ಹತ್ತಿರ ಬಂದು ಅಂಚಿನ ಮೇಲೆ ಕೈಯಾಡಿಸುತ್ತಾರೆ. ಬಗ್ಗಿ ಅಡಿಭಾಗ ನೋಡುತ್ತಾರೆ, ಡ್ರಾಯರ್ ಎಳೆದು ಮುಚ್ಚುತ್ತಾರೆ, ಸಂದಿನಲ್ಲಿ ಉಗುರು ತೂರುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಪರದೆಯ ಮುಂದೆ ಕೂತವರಿಗೆ ಈ ಯಾವ ಅವಕಾಶವೂ ಇಲ್ಲ. ಅವರ ಪರವಾಗಿ ಹತ್ತಿರ ಹೋಗುವ, ಬಗ್ಗುವ, ಎಳೆಯುವ ಕೆಲಸವನ್ನು ಎಡಿಟಿಂಗ್ ಮಾಡಬೇಕು.

ಸಿನಿಮಾ ಹುಟ್ಟಿದ ಕೆಲವೇ ವರ್ಷಗಳಲ್ಲಿ ಇದು ಒಬ್ಬರಿಗೆ ಹೊಳೆದಿತ್ತು. 1900ರಲ್ಲಿ ಇಂಗ್ಲೆಂಡಿನ ಜಾರ್ಜ್ ಆಲ್ಬರ್ಟ್ ಸ್ಮಿತ್ ‘ಗ್ರ್ಯಾಂಡ್‌ಮಾಸ್ ರೀಡಿಂಗ್ ಗ್ಲಾಸ್’ ಎಂಬ ಪುಟ್ಟ ಚಿತ್ರ ತೆಗೆದರು. ಹುಡುಗನೊಬ್ಬ ಅಜ್ಜಿಯ ಭೂತಗನ್ನಡಿ ಹಿಡಿದು ಒಂದೊಂದೇ ವಸ್ತುವನ್ನು ನೋಡುತ್ತಾನೆ. ಅವನು ನೋಡಿದ್ದು ಮರುಕ್ಷಣ ತೆರೆ ತುಂಬ ಕಾಣುತ್ತದೆ: ಗಡಿಯಾರದ ಒಳಗು, ಪಂಜರದ ಹಕ್ಕಿ, ಅಜ್ಜಿಯ ಕಣ್ಣು. ಮುಖ್ಯ ದೃಶ್ಯದ ನಡುವೆ ಸೇರಿಸುವ ಇಂಥ ಚೂರುಗಳಿಗೆ ಇಂದು ಕಟ್‌ಅವೇ ಎನ್ನುತ್ತಾರೆ. ಯೂಟ್ಯೂಬ್ ಮಾಡುವ ಹುಡುಗರ ಬಾಯಲ್ಲಿ ಬಿ-ರೋಲ್. ಮುಗಿದ ಮೇಜಿನ ವಿಡಿಯೊ ನಿಲ್ಲುವುದೇ ಇವುಗಳ ಮೇಲೆ.

ಒಂದು ಉದಾಹರಣೆಯನ್ನೇ ಕೊನೆಯವರೆಗೂ ನೋಡೋಣ. ನಾಲ್ಕು ಅಡಿ ಉದ್ದದ ತೇಗದ ಮೇಜು, ಎರಡು ಡ್ರಾಯರ್. ಡ್ರಾಯರ್‌ನ ಮೂಲೆಗಳಲ್ಲಿ ಮೊಳೆಯಿಲ್ಲ, ತುದಿಯಲ್ಲಿ ಅಗಲವಾಗುವ ಹಲ್ಲುಗಳನ್ನು ಒಂದರೊಳಗೊಂದು ಕೂರಿಸಿದ ಡವ್‌ಟೇಲ್ ಜಾಯಿಂಟ್. ಬಡಗಿ ಮೇಜಿನ ಪಕ್ಕ ನಿಂತು ನಾಲ್ಕು ನಿಮಿಷ ಮಾತಾಡಿದ್ದಾರೆ. ಅದರಿಂದ ಒಂದು ನಿಮಿಷದೊಳಗಿನ ವಿಡಿಯೊ ಆಗಬೇಕು.

ಕತ್ತರಿಸುವುದು ಆಮೇಲಿನ ಮಾತು. ಚೂರುಗಳನ್ನು ಮೊದಲೇ ತೆಗೆದಿಟ್ಟುಕೊಂಡಿರದಿದ್ದರೆ ಎಡಿಟಿಂಗ್‌ಗೆ ಕೂತಾಗ ಕೈಯಲ್ಲಿ ಏನೂ ಇರುವುದಿಲ್ಲ. ಮಾತು ಮುಗಿದ ಕೂಡಲೇ ಮೊಬೈಲ್ ಕೆಳಗಿಡದೆ, ಮಾತಿನಲ್ಲಿ ಬಂದ ಪ್ರತಿಯೊಂದು ಸಂಗತಿಗೂ ಒಂದು ಹತ್ತಿರದ ಚಿತ್ರ ತೆಗೆಯಬೇಕು: ಜಾಯಿಂಟ್, ಹಲಗೆಯ ಮೇಲಿನ ಎಳೆ, ಅಂಚಿನ ಮೇಲೆ ಓಡುವ ಬೆರಳು, ಹಿಡಿಕೆ, ಅಡಿಭಾಗ. ಒಂದೊಂದಕ್ಕೂ ಹತ್ತು ಸೆಕೆಂಡಿನಷ್ಟು ಹೊತ್ತು ಮೊಬೈಲನ್ನು ಅಲುಗಿಸದೆ ಹಿಡಿಯಬೇಕು. ಬಳಸುವುದು ಎರಡೇ ಸೆಕೆಂಡ್ ಇರಬಹುದು. ಆದರೆ ಗುಂಡಿ ಒತ್ತಿದಾಗಿನ ನಡುಕ, ಫೋಕಸ್ ಹುಡುಕಾಟ ಎಲ್ಲ ಕಳೆದು ನಿಶ್ಚಲವಾದ ಎರಡು ಸೆಕೆಂಡ್ ಸಿಗಬೇಕಾದರೆ ಅಷ್ಟು ಬೇಕೇ ಬೇಕು. ಶುರು ಮಾಡುವ ಮುನ್ನ ಲೆನ್ಸ್ ಒರೆಸಿಕೊಳ್ಳಬೇಕು. ಮರದ ಪುಡಿ ಹಾರುವ ಜಾಗದಲ್ಲಿ ಅದರ ಮೇಲೆ ಯಾವಾಗಲೂ ಒಂದು ಪದರ ಧೂಳಿರುತ್ತದೆ.

ಬಣ್ಣದ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಮೊಬೈಲ್ ಕ್ಯಾಮೆರಾ ಪ್ರತಿ ಸಲವೂ ಬೆಳಕನ್ನೂ ಬಣ್ಣವನ್ನೂ ತಾನೇ ಹೊಂದಿಸಿಕೊಳ್ಳುತ್ತದೆ. ದೂರದ ಚಿತ್ರದಲ್ಲಿ ಬಿಳಿ ಗೋಡೆ ಬಂದಿದ್ದರೆ ಒಂದು ಲೆಕ್ಕ, ಹತ್ತಿರದಲ್ಲಿ ಬರೀ ತೇಗ ತುಂಬಿದ್ದರೆ ಇನ್ನೊಂದು ಲೆಕ್ಕ. ಎರಡನ್ನೂ ಜೋಡಿಸಿದಾಗ ಹೊಂಬಣ್ಣದ ಮೇಜು ಇದ್ದಕ್ಕಿದ್ದಂತೆ ಬೂದು ತಿರುಗುತ್ತದೆ, ನೋಡುವವರಿಗೆ ಅದು ಬೇರೆಯೇ ಮರದಂತೆ ಕಾಣುತ್ತದೆ. ಬಹುತೇಕ ಫೋನ್‌ಗಳಲ್ಲಿ ಪರದೆಯನ್ನು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಲಾಕ್ ಆಗುತ್ತವೆ. ಪ್ರೊ ಮೋಡ್ ಇದ್ದರೆ ವೈಟ್ ಬ್ಯಾಲೆನ್ಸನ್ನೂ ಒಂದೇ ಅಂಕಿಯಲ್ಲಿ ನಿಲ್ಲಿಸಬಹುದು. ಬೆಳಕು ಒಂದು ಬದಿಯ ಕಿಟಕಿಯಿಂದ ಬಂದರೆ ಎಳೆ ಎದ್ದು ಕಾಣುತ್ತದೆ. ಎಲ್‌ಇಡಿ ಬಲ್ಬಿನ ಕೆಳಗೆ ತೆಗೆಯುವುದಾದರೆ ಇನ್ನೊಂದು ತೊಡಕಿದೆ. ನಮ್ಮ ಕರೆಂಟು 50 ಹರ್ಟ್ಜ್‌ನದು, ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ವಿಡಿಯೊದಲ್ಲಿ ಅದು ಮೇಲೆ ಕೆಳಗೆ ಹರಿಯುವ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟಿ ಮಾಯ.

ಇನ್ನು ಕತ್ತರಿ. ವಿಎನ್, ಇನ್‌ಶಾಟ್, ಕೈನ್‌ಮಾಸ್ಟರ್, ಯಾವ ಆ್ಯಪ್ ಆದರೂ ಕೆಲಸ ಒಂದೇ. ಮೊದಲು ಮಾತಿನ ವಿಡಿಯೊವನ್ನು ಪೂರ್ತಿ ಹಾಕಿಕೊಂಡು ಕೇಳಬೇಕು. ನಮ್ಮ ಬಡಗಿಯ ಮಾತು ಹೀಗೆ ಶುರುವಾಗುತ್ತದೆ: “ಎಲ್ಲರಿಗೂ ನಮಸ್ಕಾರ, ಇವತ್ತು... ಒಂದು ಟೇಬಲ್ ಮಾಡಿದೀವಿ, ನಮ್ ಕಸ್ಟಮರ್ ಒಬ್ರು ಹೇಳಿದ್ರು, ಆಮೇಲೆ...” ಒಂದು ನಿಮಿಷ ದಾಟಿದ ಮೇಲೆ ಬರುತ್ತದೆ ಅಸಲಿ ಮಾತು: “ಈ ಡ್ರಾಯರ್‌ಗೆ ಒಂದೇ ಒಂದು ಮೊಳೆ ಹೊಡೆದಿಲ್ಲ.” ವಿಡಿಯೊ ಶುರುವಾಗಬೇಕಾದ್ದು ಅಲ್ಲಿಂದ. ಆ ವಾಕ್ಯ ಕೇಳಿದವರಿಗೆ ಜಾಯಿಂಟ್ ನೋಡಬೇಕೆನಿಸುತ್ತದೆ. ನಮಸ್ಕಾರ ಕೇಳಿದವರಿಗೆ ಏನೂ ನೋಡಬೇಕೆನಿಸುವುದಿಲ್ಲ.

ಆಮೇಲೆ ತಡವರಿಕೆ, ಉಸಿರೆಳೆತ, ‘ಅಂದ್ರೆ’, ‘ಆಮೇಲೆ’ಗಳನ್ನು ತೆಗೆಯುವ ಕೆಲಸ. ಟೈಮ್‌ಲೈನನ್ನು ಎರಡು ಬೆರಳಲ್ಲಿ ಹಿಗ್ಗಿಸಿದರೆ ಧ್ವನಿಯ ಏರಿಳಿತ ಗೆರೆಯಾಗಿ ಕಾಣುತ್ತದೆ, ಮೌನ ಇರುವಲ್ಲಿ ಗೆರೆ ಚಪ್ಪಟೆ. ಕನ್ನಡದ ಮಾತಿನಲ್ಲಿ ಇಲ್ಲೊಂದು ಎಚ್ಚರ ಬೇಕು. ನಮ್ಮ ವಾಕ್ಯದ ಕೊನೆಯಲ್ಲಿ ಕ್ರಿಯಾಪದ ಬರುತ್ತದೆ, ಅದರ ಕೊನೆಯ ಸ್ವರ ಹೆಚ್ಚಿನವರ ಬಾಯಲ್ಲಿ ತಗ್ಗಿಹೋಗುತ್ತದೆ. ‘ಹೊಡೆದಿಲ್ಲ’ ಎಂಬುದರ ಕೊನೆ ಗೆರೆಯಲ್ಲಿ ಮೌನದಂತೆಯೇ ಕಾಣುತ್ತದೆ. ಕಣ್ಣಳತೆಯಲ್ಲಿ ಕತ್ತರಿಸಿದರೆ ‘ಹೊಡೆದಿಲ್’ ಎಂದು ಮಾತು ಮುರಿಯುತ್ತದೆ, ಹೇಳಿದ್ದು ಹೌದೋ ಅಲ್ಲವೋ ಎಂಬುದೇ ಅನುಮಾನವಾಗುತ್ತದೆ. ಹಾಗಾಗಿ ಕಿವಿಯಿಂದ ಕೇಳಿ, ಕೊನೆಯ ಸ್ವರ ಪೂರ್ತಿ ಮುಗಿದ ಮೇಲೆ ನಾಲ್ಕೈದು ಫ್ರೇಮ್ ಬಿಟ್ಟು ಕತ್ತರಿಸುವುದು ಒಳ್ಳೆಯದು. ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೊದಲ್ಲಿ ಅದು ಸೆಕೆಂಡಿನ ಐದನೇ ಒಂದು ಭಾಗ ಅಷ್ಟೇ. ಮುಂದಿನ ವಾಕ್ಯದ ಆರಂಭವನ್ನು ಮಾತ್ರ ಒಂದೆರಡು ಫ್ರೇಮಿನಷ್ಟು ಹತ್ತಿರಕ್ಕೆ ತರಬಹುದು.

ಹೀಗೆ ಬಿಗಿದಾಗ ಮಾತು ಸರಾಗವಾಗುತ್ತದೆ, ಚಿತ್ರ ಕೆಡುತ್ತದೆ. ಪ್ರತಿ ಕತ್ತರಿಕೆಯಲ್ಲೂ ಬಡಗಿಯ ತಲೆ ಫಕ್ಕನೆ ಜಿಗಿಯುತ್ತದೆ. 1960ರ ‘ಬ್ರೆತ್‌ಲೆಸ್’ ಚಿತ್ರದಲ್ಲಿ ಫ್ರಾನ್ಸಿನ ಜಾನ್ ಲುಕ್ ಗೊದಾರ್ ಈ ಜಿಗಿತವನ್ನು ಬೇಕೆಂದೇ ಉಳಿಸಿಕೊಂಡು ಹೆಸರು ಮಾಡಿದರು. ಮೇಜಿನ ವಿಡಿಯೊದಲ್ಲಿ ಅದು ನೋಡುವವರ ಗಮನವನ್ನು ಮರದಿಂದ ಮಾತುಗಾರರ ಕಡೆಗೆ ಎಳೆಯುತ್ತದೆ. ಹಾಗಾಗಿ ಜಿಗಿತದ ಮೇಲೆ ಕಟ್‌ಅವೇ ಹೊದಿಸಬೇಕು: ಎರಡನೇ ಪದರದಲ್ಲಿ ಜಾಯಿಂಟ್‌ನ ಚಿತ್ರ, ಕೆಳಗೆ ಮಾತು ಮುಂದುವರಿಯುತ್ತಿರುತ್ತದೆ. ಹೊಸಬರು ಕಟ್‌ಅವೇಯನ್ನು ಸರಿಯಾಗಿ ಜಿಗಿತದ ಜಾಗದಲ್ಲೇ ಶುರು ಮಾಡುತ್ತಾರೆ. ಆಗ ಚಿತ್ರ ಮತ್ತು ದನಿ ಒಟ್ಟಿಗೇ ಬದಲಾಗಿ, ಅಲ್ಲಿ ಏನೋ ಮುಚ್ಚಿದ್ದಾರೆಂಬುದು ಗೊತ್ತಾಗಿಬಿಡುತ್ತದೆ. ಅರ್ಧ ಸೆಕೆಂಡ್ ಮೊದಲೇ ಶುರುವಾಗಿ, ಜಿಗಿತ ದಾಟಿದ ಮೇಲೆ ಒಂದೆರಡು ಸೆಕೆಂಡ್ ಉಳಿದರೆ ಯಾರಿಗೂ ಸುಳಿವು ಸಿಗುವುದಿಲ್ಲ. ‘ಮೊಳೆ’ ಎಂಬ ಮಾತು ಬರುವಾಗಲೇ ಮೂಲೆ ಕಾಣಿಸಿಕೊಳ್ಳಲಿ. ‘ಹೊಡೆದಿಲ್ಲ’ ಎನ್ನುವ ಹೊತ್ತಿಗೆ ಕಣ್ಣು ಹಲ್ಲುಗಳ ಸಂದನ್ನು ಹುಡುಕುತ್ತಿರುತ್ತದೆ.

ಕಟ್‌ಅವೇ ಮುಖ್ಯ ಚಿತ್ರಕ್ಕಿಂತ ಸ್ಪಷ್ಟವಾಗಿ ಬೇರೆ ಅಳತೆಯದಾಗಿರಬೇಕು. ಪೂರ್ತಿ ಮೇಜಿನಿಂದ ಮುಕ್ಕಾಲು ಮೇಜಿಗೆ ಹಾರಿದರೆ ಕ್ಯಾಮೆರಾ ಅಲುಗಿದಂತಿರುತ್ತದೆ. ಪೂರ್ತಿ ಮೇಜಿನಿಂದ ಅಂಗೈಯಗಲದ ಮೂಲೆಗೆ ಹಾರಿದರೆ ಹತ್ತಿರ ಹೋದಂತಿರುತ್ತದೆ. ಎಷ್ಟು ಹೊತ್ತು ಇಡಬೇಕು ಎಂಬುದು ಅದರಲ್ಲಿ ನೋಡುವುದಕ್ಕೆ ಎಷ್ಟಿದೆ ಎಂಬುದರ ಮೇಲೆ. ಹಿಡಿಕೆಗೆ ಒಂದೂವರೆ ಸೆಕೆಂಡ್ ಸಾಕು. ಹಲ್ಲುಗಳನ್ನು ಒಂದೊಂದಾಗಿ ನೋಡಲು ಮೂರಾದರೂ ಬೇಕು.

ಬಿಗಿ ಎಡಿಟಿಂಗ್ ಕಲಿತವರು ಸಾಮಾನ್ಯವಾಗಿ ಇಲ್ಲಿಂದ ಮುಂದೆ ಹಳಿ ತಪ್ಪುತ್ತಾರೆ. ಎಲ್ಲವನ್ನೂ ಒಂದೇ ವೇಗದಲ್ಲಿ ಕತ್ತರಿಸುತ್ತ ಹೋಗಿ ಡ್ರಾಯರನ್ನೂ ಕತ್ತರಿಸುತ್ತಾರೆ: ಕೈ ಹಿಡಿಕೆ ಮುಟ್ಟಿತು, ಕಟ್, ಡ್ರಾಯರ್ ತೆರೆದಿದೆ, ಕಟ್, ಮುಚ್ಚಿದೆ. ಇದರಿಂದ ಬಡಗಿಗೇ ನಷ್ಟ. ಡ್ರಾಯರ್ ನಡುವೆ ಸಿಕ್ಕಿಹಾಕಿಕೊಂಡಿತೋ, ತಳ್ಳಬೇಕಾಯಿತೋ, ಓರೆಯಾಯಿತೋ ಎಂಬುದು ಆ ಕತ್ತರಿಕೆಗಳಲ್ಲೇ ಅಡಗಿಹೋಗುತ್ತದೆ. ಕೆಲಸ ಕೊಡಲು ಯೋಚಿಸುತ್ತಿರುವವರಿಗೆ ಬೇಕಾದ ಸಾಕ್ಷಿ ಅದೇ. ಮಾತನ್ನು ಎಷ್ಟು ಬೇಕಾದರೂ ಬಿಗಿಯಬಹುದು, ಪರೀಕ್ಷೆಯನ್ನು ಕತ್ತರಿಸಬಾರದು. ಡ್ರಾಯರ್ ಪೂರ್ತಿ ಹೊರಬಂದು, ಒಂದು ಬೆರಳಿನ ಒತ್ತಿಗೆ ಒಳಹೋಗಿ, ಮುಂಭಾಗ ಮೇಜಿನ ಅಂಚಿಗೆ ಸಮವಾಗಿ ನಿಲ್ಲುವವರೆಗಿನ ಆರೇಳು ಸೆಕೆಂಡ್ ಒಂದೇ ಚಿತ್ರದಲ್ಲಿ ಇರಲಿ. ಸುತ್ತಲಿನದೆಲ್ಲ ಬಿಗಿಯಾಗಿದ್ದರೆ ಈ ಆರೇಳು ಸೆಕೆಂಡ್ ಉದ್ದವೆನಿಸುವುದಿಲ್ಲ. ದೂರದಿಂದ ಹತ್ತಿರಕ್ಕೆ ಹೋಗಬೇಕೆನಿಸಿದರೆ, ಕೈ ಹಿಡಿಕೆಯತ್ತ ಚಾಚುವ ಚಲನೆಯ ನಡುವೆ ಕತ್ತರಿಸಬಹುದು. ಚಲನೆಯ ಮೇಲಿನ ಕಟ್ ಕಣ್ಣಿಗೆ ಬೀಳುವುದು ಕಡಿಮೆ. ಅದಕ್ಕಾಗಿ ಅದೇ ಕೈ, ಅದೇ ವೇಗದಲ್ಲಿ ಎರಡು ಸಲ ಚಾಚಬೇಕು.

ಡ್ರಾಯರ್ ಕೂರುವಾಗಿನ ‘ಟಪ್’ ಸದ್ದು ಹಾಡಿನಡಿ ಹೂತುಹೋಗಬಾರದು. ಜಪಾನಿನ ‘ಇಶಿತಾನಿ ಫರ್ನಿಚರ್’ ಯೂಟ್ಯೂಬ್ ಚಾನೆಲ್ ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ವಿವರಣೆಯ ಮಾತಿಲ್ಲ. ಉಳಿ, ಗರಗಸ, ಮರ ಮರಕ್ಕೆ ತಾಗುವ ಸದ್ದುಗಳೇ ನೋಡುವವರನ್ನು ಮುಂದಕ್ಕೆ ಒಯ್ಯುತ್ತವೆ. ಮಾತಿರುವ ವಿಡಿಯೊದಲ್ಲಿ ಇನ್ನೊಂದು ಕೆಲಸವನ್ನೂ ಮಾಡಬೇಕು. ಮಾತನ್ನು ಕತ್ತರಿಸಿದ ಕಡೆಯೆಲ್ಲ ಹಿನ್ನೆಲೆಯ ಫ್ಯಾನಿನ ಗುಂಯ್‌ಗುಡುವಿಕೆಯೂ ತುಂಡಾಗುತ್ತದೆ. ಯಾರೂ ಮಾತಾಡದ ಕಾರ್ಖಾನೆಯ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ ಉದ್ದಕ್ಕೂ ಮೆಲ್ಲಗೆ ಹಾಸಿದರೆ ಆ ತುಂಡುಗಳು ಬೆಸೆದುಕೊಳ್ಳುತ್ತವೆ.

ವಿಡಿಯೊ ಹಾಕಿ ಕೆಲವು ದಿನ ಕಳೆದ ಮೇಲೆ ಯೂಟ್ಯೂಬ್ ಸ್ಟುಡಿಯೊದಲ್ಲಿ ಒಂದು ಗೆರೆ ಸಿಗುತ್ತದೆ. ಯಾವ ಸೆಕೆಂಡಿನಲ್ಲಿ ಎಷ್ಟು ಪಾಲು ಜನ ಇನ್ನೂ ನೋಡುತ್ತಿದ್ದರು ಎಂಬುದನ್ನು ಅದು ತೋರಿಸುತ್ತದೆ. ಇಳಿಜಾರು ಎಲ್ಲ ವಿಡಿಯೊಗೂ ಸಹಜ. ನೋಡಬೇಕಾದ್ದು ಗೆರೆ ಒಮ್ಮೆಲೇ ಕುಸಿದ ಜಾಗ. ಅಲ್ಲಿಗೆ ಹೋಗಿ ನೋಡಿದರೆ ಸಾಮಾನ್ಯವಾಗಿ ಒಂದೋ ಹೇಳಿದ್ದನ್ನೇ ಹೇಳುವ ವಾಕ್ಯ ಇರುತ್ತದೆ, ಇಲ್ಲವೇ ಆಗಲೇ ತೋರಿಸಿದ ಮೂಲೆಯನ್ನು ಮತ್ತೆ ತೋರಿಸಿರುತ್ತದೆ. ಗೆರೆ ಮೇಲೇಳುವ ಜಾಗವೂ ಇರಬಹುದು. ಜನ ಹಿಂದಕ್ಕೆ ಹೋಗಿ ಅದನ್ನೇ ಮತ್ತೆ ನೋಡಿದ್ದಾರೆ ಎಂದು ಅದರ ಅರ್ಥ. ನಮ್ಮ ಮೇಜಿನ ವಿಡಿಯೊದಲ್ಲಿ ಆ ಏರು ಜಾಯಿಂಟ್ ಮೇಲೆ ಬಂದರೆ ಮೂರು ಸೆಕೆಂಡ್ ಸಾಲದಾಯಿತು ಎಂದಾಯಿತು. ಮುಂದಿನ ಮೇಜಿಗೆ ಐದು ಕೊಡಬಹುದು, ಕಿಟಕಿಯ ಬೆಳಕಿಗೆ ಇನ್ನೂ ಸ್ವಲ್ಪ ಓರೆಯಾಗಿ ತಿರುಗಿಸಿ.