ನೆಗೆಟಿವ್ ತಾಯಿಗೆ ಇಂಜೆಕ್ಷನ್ ಯಾವಾಗ?

ತಾಯಿಯ ರಕ್ತ ಓ ನೆಗೆಟಿವ್, ತಂದೆಯದು ಪಾಸಿಟಿವ್ ಎಂದುಕೊಳ್ಳಿ. ಮಗುವೂ ಪಾಸಿಟಿವ್ ಆದರೆ ಅದರ ಕೆಂಪು ರಕ್ತಕಣಗಳ ಮೇಲೆ ತಾಯಿಯಲ್ಲಿಲ್ಲದ ‘ಡಿ’ ಎಂಬ ಪ್ರೋಟೀನ್ ಇರುತ್ತದೆ. ಹೆರಿಗೆಯಲ್ಲಿ ಮಾಸು ಬೇರ್ಪಡುವಾಗ ಮಗುವಿನ ರಕ್ತ ತುಸು ತಾಯಿಗೆ ಸೇರುತ್ತದೆ. ಅದರ ವಿರುದ್ಧ ಪ್ರತಿಕಾಯ ತಯಾರಾಗಲು ವಾರಗಳೇ ಬೇಕು. ಹಾಗಾಗಿ ಮೊದಲ ಮಗು ಸಾಮಾನ್ಯವಾಗಿ ಪಾರಾಗುತ್ತದೆ. ಮುಂದಿನ ಬಸಿರಿನಲ್ಲಿ ಆ ಪ್ರತಿಕಾಯಗಳು ಮಾಸನ್ನು ದಾಟಿ ಮಗುವಿನ ರಕ್ತಕಣಗಳನ್ನೇ ಒಡೆಯುತ್ತವೆ. ರಕ್ತಹೀನತೆ, ತೀವ್ರ ಕಾಮಾಲೆ, ಕೆಲವೊಮ್ಮೆ ಗರ್ಭದಲ್ಲೇ ಸಾವು.

ಆಂಟಿ-ಡಿ ಇಂಜೆಕ್ಷನ್ ತಾಯಿಯ ದೇಹ ಎಚ್ಚೆತ್ತುಕೊಳ್ಳುವ ಮುನ್ನವೇ ಆ ಕಣಗಳನ್ನು ತೆರವುಗೊಳಿಸುತ್ತದೆ. ಸಾಮಾನ್ಯವಾಗಿ 28ನೇ ವಾರದ ಹೊತ್ತಿಗೆ 300 ಮೈಕ್ರೋಗ್ರಾಂ ಕೊಡುತ್ತಾರೆ. ಹುಟ್ಟಿದ ಮಗು ಪಾಸಿಟಿವ್ ಎಂದು ತಿಳಿದರೆ 72 ಗಂಟೆಯೊಳಗೆ ಇನ್ನೊಂದು. ಗಡುವು ಮೀರಿದರೂ ಕೈಬಿಡಬೇಡಿ, ಹತ್ತು ದಿನದವರೆಗೆ ಕೊಟ್ಟರೂ ಸ್ವಲ್ಪ ರಕ್ಷಣೆ ಸಿಗಬಹುದು.

ನನ್ನ ಆತಂಕ ಗರ್ಭಪಾತದ ಬಗ್ಗೆ. ಇದೇ ತಾಯಿಗೆ ಮೊದಲ ಬಸಿರು ಮೂರನೇ ತಿಂಗಳ ಕೊನೆಯಲ್ಲಿ ಇಳಿದು, ಗರ್ಭಕೋಶ ಸ್ವಚ್ಛಗೊಳಿಸಿ ಮನೆಗೆ ಕಳಿಸಿದರು ಎಂದಿಟ್ಟುಕೊಳ್ಳಿ. ದುಃಖದ ನಡುವೆ ರಕ್ತದ ಗುಂಪು ಯಾರಿಗೂ ನೆನಪಾಗಲಿಲ್ಲ. ಮುಂದಿನ ಬಸಿರಿನಲ್ಲಿ ಇನ್‌ಡೈರೆಕ್ಟ್ ಕೂಂಬ್ಸ್ ಪರೀಕ್ಷೆ ಪಾಸಿಟಿವ್ ಬಂತು, ಆಂಟಿ-ಡಿ ಪ್ರತಿಕಾಯ ಆಗಲೇ ಹುಟ್ಟಿಬಿಟ್ಟಿದೆ. ಈಗ ಇಂಜೆಕ್ಷನ್‌ನಿಂದ ಪ್ರಯೋಜನವಿಲ್ಲ; ಮಗುವಿಗೆ ರಕ್ತ ಕಡಿಮೆಯಾಗುತ್ತಿದೆಯೇ ಎಂದು ಡಾಪ್ಲರ್ ಸ್ಕ್ಯಾನ್‌ನಲ್ಲಿ ಮತ್ತೆ ಮತ್ತೆ ನೋಡಬೇಕು.

ಈ ಪರೀಕ್ಷೆಗೆ ರಕ್ತವನ್ನು ಇಂಜೆಕ್ಷನ್‌ಗೆ ಮೊದಲೇ ತೆಗೆಯಬೇಕು. ಚುಚ್ಚಿದ ಮೇಲೆ ಕೆಲವು ವಾರ ಅದರ ಪ್ರತಿಕಾಯವೇ ವರದಿಯಲ್ಲಿ ಕಾಣಿಸಿಕೊಂಡು ದಾರಿ ತಪ್ಪಿಸಬಹುದು.