ಕೆಲಸ ಬಿಡುವ ಮುನ್ನ ಕಡತ ಕಟ್ಟಿಕೊಳ್ಳಿ

ಸರ್ಕಾರಿ ನೌಕರಿ ಸಿಕ್ಕ ಮೇಲೂ ಪರೀಕ್ಷೆ ಬರೆಯುವವರು ನಮ್ಮಲ್ಲಿ ಬಹಳ. ಅಂಚೆ ಕಚೇರಿಯ ಕೌಂಟರಿನಲ್ಲಿ ಕುಳಿತೇ ಆದಾಯ ತೆರಿಗೆ ಇಲಾಖೆಯ ಕನಸು ಕಾಣುತ್ತಾರೆ, ಶಾಲೆಯಲ್ಲಿ ಪಾಠ ಮಾಡುತ್ತಲೇ ಕೆಎಎಸ್‌ಗೆ ಓದುತ್ತಾರೆ. ಒಂದು ದಿನ ಆಯ್ಕೆಪಟ್ಟಿಯಲ್ಲಿ ಹೆಸರು ಬರುತ್ತದೆ. ಸಿಹಿ ಹಂಚಿ, ಹೊಸ ಇಲಾಖೆಗೆ ಸೇರುವ ಅವಸರದಲ್ಲಿ ಹಳೆಯ ಕಚೇರಿಗೆ ಎರಡು ಸಾಲಿನ ರಾಜೀನಾಮೆ ಬರೆದುಕೊಡುತ್ತಾರೆ: ‘ವೈಯಕ್ತಿಕ ಕಾರಣಗಳಿಂದ ನನ್ನ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ, ದಯವಿಟ್ಟು ಅಂಗೀಕರಿಸಬೇಕು.’ ಆ ಎರಡು ಸಾಲು ಅಂಗೀಕಾರವಾದ ದಿನ, ಅಲ್ಲಿಯವರೆಗೆ ದುಡಿದ ವರ್ಷಗಳು ಲೆಕ್ಕದಿಂದ ಹೊರಬೀಳುವ ಅಪಾಯವಿದೆ.

ಕೇಂದ್ರದ ಪಿಂಚಣಿ ನಿಯಮಗಳ 26ನೇ ನಿಯಮ ಇದನ್ನು ನೇರವಾಗಿಯೇ ಹೇಳುತ್ತದೆ. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ನಷ್ಟವಾಗುತ್ತದೆ. ಆದರೆ ಸೂಕ್ತ ಅನುಮತಿ ಪಡೆದು, ಸರ್ಕಾರದ್ದೇ ಇನ್ನೊಂದು ಹುದ್ದೆಗೆ ಸೇರುವ ಸಲುವಾಗಿ ಕೊಟ್ಟ ರಾಜೀನಾಮೆಗೆ ಈ ನಷ್ಟ ಅನ್ವಯಿಸುವುದಿಲ್ಲ. ಕಚೇರಿಗಳ ಭಾಷೆಯಲ್ಲಿ ಇದಕ್ಕೆ ‘ತಾಂತ್ರಿಕ ರಾಜೀನಾಮೆ’ ಎಂದು ಹೆಸರು. ನೌಕರ ಸರ್ಕಾರವನ್ನು ಬಿಡುತ್ತಿಲ್ಲ, ಒಂದು ಹುದ್ದೆಯನ್ನು ಬಿಟ್ಟು ಇನ್ನೊಂದಕ್ಕೆ ಹೋಗುತ್ತಿದ್ದಾನೆ ಎಂಬುದು ಇದರ ಹಿಂದಿನ ವಿಚಾರ. ಕೇಂದ್ರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆ, ಅಂದರೆ ಡಿಒಪಿಟಿ, 2013ರ ಡಿಸೆಂಬರಿನಲ್ಲಿ ಈ ಬಗ್ಗೆ ಸ್ಪಷ್ಟ ಸೂಚನೆ ಹೊರಡಿಸಿತು. 2016ರ ಆಗಸ್ಟಿನಲ್ಲಿ ತಾಂತ್ರಿಕ ರಾಜೀನಾಮೆ ಮತ್ತು ಲೀನ್ ಕುರಿತ ಎಲ್ಲ ಸೂಚನೆಗಳನ್ನೂ ಒಂದೆಡೆ ತಂದಿತು.

ಆ ಸೂಚನೆಗಳ ಸಾರ ಇಷ್ಟು: ಹೊಸ ಹುದ್ದೆಗೆ ಅರ್ಜಿಯನ್ನು ಇಲಾಖೆಯ ಮೂಲಕವೇ ಹಾಕಿರಬೇಕು. ಆಯ್ಕೆಯಾದ ಕಾರಣಕ್ಕಾಗಿ, ಆಡಳಿತದ ಅಗತ್ಯದಿಂದ ಹಳೆಯ ಹುದ್ದೆಗೆ ರಾಜೀನಾಮೆ ಕೊಡುತ್ತಿರಬೇಕು. ಇವೆರಡೂ ಇದ್ದರೆ ಪತ್ರದಲ್ಲಿ ‘ತಾಂತ್ರಿಕ’ ಎಂಬ ಪದ ಬಿಟ್ಟುಹೋಗಿದ್ದರೂ ಅದು ತಾಂತ್ರಿಕ ರಾಜೀನಾಮೆಯೇ. ಇವು ಇಲ್ಲದಿದ್ದರೆ ಆ ಪದವನ್ನು ಎಷ್ಟು ಸಲ ಬರೆದರೂ ಪ್ರಯೋಜನವಿಲ್ಲ. ಅಂದರೆ ರಾಜೀನಾಮೆ ಯಾವ ಬಗೆಯದು ಎಂಬುದು ತೀರ್ಮಾನವಾಗುವುದು ಕೆಲಸ ಬಿಡುವ ದಿನವಲ್ಲ, ಅರ್ಜಿ ಹಾಕುವ ದಿನ.

ಒಂದು ಉದಾಹರಣೆ ನೋಡೋಣ. ಹುಬ್ಬಳ್ಳಿಯ ಒಬ್ಬ ಯುವತಿ 2019ರ ಮಾರ್ಚ್ 1ರಂದು ಅಂಚೆ ಸಹಾಯಕಿಯಾಗಿ ಸೇರಿದರು ಎಂದುಕೊಳ್ಳಿ. ಎರಡು ವರ್ಷದ ಪ್ರೊಬೇಷನ್ ಮುಗಿದು 2021ರಲ್ಲಿ ಸೇವೆ ಖಾಯಂ ಆಯಿತು. 2022ರ ಸೆಪ್ಟೆಂಬರಿನಲ್ಲಿ ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪದವಿ ಮಟ್ಟದ ಪರೀಕ್ಷೆಗೆ ಆನ್‌ಲೈನ್ ಅರ್ಜಿ ಹಾಕಿದರು. ಆನ್‌ಲೈನ್ ಅರ್ಜಿ ನೇರವಾಗಿ ಕಮಿಷನ್ನಿಗೇ ಹೋಗುವುದರಿಂದ ಮೇಲಧಿಕಾರಿಯ ಸಹಿಗೆ ಅಲ್ಲಿ ಜಾಗವಿರುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ. ಆಕೆ ಮಾಡಬೇಕಾದದ್ದು ಸಣ್ಣ ಕೆಲಸ: ಅರ್ಜಿ ಹಾಕಿದ ಕೂಡಲೇ, ಯಾವ ಪರೀಕ್ಷೆ, ಯಾವ ಹುದ್ದೆ, ನೋಂದಣಿ ಸಂಖ್ಯೆ ಏನು ಎಂದು ಬರೆದು, ಅರ್ಜಿಯ ಪ್ರತಿ ಲಗತ್ತಿಸಿ, ಕಚೇರಿ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸಿ ನಿರಾಕ್ಷೇಪಣಾ ಪತ್ರ ಕೋರುವುದು. ಕೊಟ್ಟ ಪತ್ರದ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿಕೊಂಡು ಜೋಪಾನವಾಗಿ ಇಟ್ಟುಕೊಳ್ಳುವುದು. ದಾಖಲೆ ಪರಿಶೀಲನೆಯ ಹೊತ್ತಿಗೆ ಎನ್‌ಒಸಿ ಕೇಳಿದಾಗ ನೆರವಿಗೆ ಬರುವುದು ಈ ಪತ್ರ. ಒಂದು ವರ್ಷದ ನಂತರ ರಾಜೀನಾಮೆಯ ಕಡತದಲ್ಲಿ ಮೊದಲ ದಾಖಲೆಯಾಗಿ ಕೂರುವುದೂ ಇದೇ.

ಎನ್‌ಒಸಿ ಕೊಡದಿರಲು ಇಲಾಖೆಗೆ ಕೆಲವು ಕಾರಣಗಳಿವೆ. ನೌಕರ ಅಮಾನತಿನಲ್ಲಿದ್ದರೆ, ಆರೋಪಪಟ್ಟಿ ಜಾರಿಯಾಗಿದ್ದರೆ, ಮೊಕದ್ದಮೆಗೆ ಮಂಜೂರಾತಿ ಸಿಕ್ಕಿದ್ದರೆ ಅಥವಾ ದಂಡನೆಯ ಅವಧಿ ನಡೆಯುತ್ತಿದ್ದರೆ ಅರ್ಜಿಯನ್ನು ಮುಂದಕ್ಕೆ ಕಳುಹಿಸುವಂತಿಲ್ಲ. ಸಾರ್ವಜನಿಕ ಹಿತದ ಕಾರಣಕ್ಕೂ ತಡೆಯಬಹುದು. ಹಾಗೆ ಅನುಮತಿ ನಿರಾಕರಿಸಿದ ಮೇಲೂ ಹೋಗಿ ಸೇರಿದರೆ ಆ ರಾಜೀನಾಮೆ ತಾಂತ್ರಿಕವಾಗದು, ಹಳೆಯ ಸೇವೆಯೂ ಸಿಗದು. ಇಂಥ ಯಾವ ಕಾರಣವೂ ಇಲ್ಲದೆ ಪತ್ರ ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದರೆ ಸುಮ್ಮನೆ ಕಾಯಬಾರದು. ಹಳೆಯ ಪತ್ರದ ದಿನಾಂಕ ಉಲ್ಲೇಖಿಸಿ ನೆನಪೋಲೆ ಕೊಡುತ್ತಿರಬೇಕು.

ಕೆಲಸಕ್ಕೆ ಸೇರುವ ಮುನ್ನವೇ ಪರೀಕ್ಷೆಗೆ ಅರ್ಜಿ ಹಾಕಿದ್ದವರ ಗತಿ ಏನು? ಒಂದೇ ವರ್ಷ ನಾಲ್ಕಾರು ಪರೀಕ್ಷೆ ಬರೆದು, ಮೊದಲು ಬಂದ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರೇ ಹೆಚ್ಚು. ಅವರಿಗೂ ಈ ಸೌಲಭ್ಯವಿದೆ, ಆದರೆ ಮೂರು ಷರತ್ತುಗಳ ಮೇಲೆ. ಸೇರಿದ ಕೂಡಲೇ, ಈಗಾಗಲೇ ಹಾಕಿರುವ ಅರ್ಜಿಗಳ ವಿವರವನ್ನು ಕಚೇರಿಗೆ ತಿಳಿಸಬೇಕು. ರಾಜೀನಾಮೆ ಕೊಡುವಾಗ, ಸೇವೆಗೆ ಸೇರುವ ಮುನ್ನ ಅರ್ಜಿ ಹಾಕಿದ್ದ ಹುದ್ದೆಗೇ ಹೋಗುತ್ತಿದ್ದೇನೆಂದು ಸ್ಪಷ್ಟವಾಗಿ ಬರೆದು ಕೋರಬೇಕು. ಅರ್ಜಿ ಹಾಕಿದ ದಿನ ಈ ನೌಕರ ಸೇವೆಯಲ್ಲಿದ್ದಿದ್ದರೆ ಅರ್ಜಿಯನ್ನು ಕಳುಹಿಸಿಕೊಡುತ್ತಿದ್ದೆವು ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಮೊದಲನೆಯ ಷರತ್ತು ತೀರಾ ಸುಲಭದ್ದು, ಮರೆತುಹೋಗುವುದೂ ಅದೇ. ಹೊಸ ಕೆಲಸದ ಮೊದಲ ವಾರದಲ್ಲೇ ‘ನಾನು ಬಿಟ್ಟು ಹೋಗಬಹುದು’ ಎಂದು ಬರೆದುಕೊಡಲು ಮುಜುಗರವಾಗುತ್ತದೆ. ಆದರೂ ಬರೆದುಕೊಡಲೇಬೇಕು.

ಮತ್ತೆ ನಮ್ಮ ಅಂಚೆ ಸಹಾಯಕಿಯ ವಿಷಯಕ್ಕೆ ಬರೋಣ. ಆಕೆ ಆದಾಯ ತೆರಿಗೆ ಇನ್‌ಸ್ಪೆಕ್ಟರ್ ಹುದ್ದೆಗೆ ಆಯ್ಕೆಯಾದರು, ನೇಮಕಾತಿ ಆದೇಶ ಕೈಗೆ ಬಂತು. ಈಗ ಬರೆಯುವ ಪತ್ರದಲ್ಲಿ ‘ವೈಯಕ್ತಿಕ ಕಾರಣ’ ಎಂಬ ಮಾತೇ ಬರಬಾರದು. ಪತ್ರದ ಒಡಲು ಹೀಗಿದ್ದರೆ ಸಾಕು: ‘ನಾನು 2022ರ ಸೆಪ್ಟೆಂಬರಿನಲ್ಲಿ ಮೇಲ್ಕಂಡ ಹುದ್ದೆಗೆ ಅರ್ಜಿ ಸಲ್ಲಿಸಿ, ಅದನ್ನು ಉಲ್ಲೇಖಿತ ಪತ್ರದ ಮೂಲಕ ಇಲಾಖೆಗೆ ತಿಳಿಸಿ, ನಿರಾಕ್ಷೇಪಣಾ ಪತ್ರ ಪಡೆದಿರುತ್ತೇನೆ. ಈಗ ಸದರಿ ಹುದ್ದೆಗೆ ಆಯ್ಕೆಯಾಗಿದ್ದು, ನೇಮಕಾತಿ ಆದೇಶದ ಪ್ರತಿ ಲಗತ್ತಿಸಿದೆ. ಆ ಹುದ್ದೆಗೆ ಸೇರುವ ಸಲುವಾಗಿ ನನ್ನ ತಾಂತ್ರಿಕ ರಾಜೀನಾಮೆಯನ್ನು ಅಂಗೀಕರಿಸಿ, ಈಗಿನ ಹುದ್ದೆಯ ಮೇಲೆ ನನ್ನ ಲೀನ್ ಅನ್ನು ಎರಡು ವರ್ಷ ಉಳಿಸಿ, ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ.’

ಈ ಲೀನ್ ಎಂದರೆ ಖಾಯಂ ನೌಕರನಿಗೆ ತನ್ನ ಹುದ್ದೆಯ ಮೇಲೆ ಇರುವ ಹಕ್ಕು. ಬೇರೆಡೆ ಹೋದರೂ ನಿಗದಿತ ಅವಧಿಯೊಳಗೆ ಮರಳಿ ಬಂದು ಅದೇ ಹುದ್ದೆಯಲ್ಲಿ ಕೂರುವ ಹಕ್ಕು. ಎರಡು ವರ್ಷ ಎಂಬ ಮಿತಿಗೆ ಅರ್ಥವಿದೆ. ಹೊಸ ಹುದ್ದೆಯ ಪ್ರೊಬೇಷನ್ ಸಾಮಾನ್ಯವಾಗಿ ಎರಡು ವರ್ಷ. ಅಲ್ಲಿ ಖಾಯಂ ಆಗುವವರೆಗೆ ಕಾಲ ಕೆಳಗೆ ನೆಲ ಇರಲಿ ಎಂಬುದು ಉದ್ದೇಶ. ನಮ್ಮ ಉದಾಹರಣೆಯಾಕೆ 2023ರ ಅಕ್ಟೋಬರ್ 31ರಂದು ಬಿಡುಗಡೆಯಾಗಿ ಮರುದಿನ ಹೊಸ ಕೆಲಸಕ್ಕೆ ಸೇರಿದರೆ, ಲೀನ್ 2025ರ ಅಕ್ಟೋಬರ್ ಕೊನೆಯವರೆಗೆ ಇರುತ್ತದೆ. ಅಷ್ಟರಲ್ಲಿ ಹೊಸ ಇಲಾಖೆ ಖಾಯಂ ಮಾಡದಿದ್ದರೆ, ವಿಶೇಷ ಸಂದರ್ಭವೆಂದು ಪರಿಗಣಿಸಿ ಇನ್ನೊಂದು ವರ್ಷ ವಿಸ್ತರಿಸಲು ಅವಕಾಶವಿದೆ. ಅದಕ್ಕೆ ಅವಧಿ ಮುಗಿಯುವ ಮುನ್ನವೇ ಹಳೆಯ ಇಲಾಖೆಗೆ ಕೋರಿಕೆ ಹೋಗಿರಬೇಕು. ಹೊಸ ಹುದ್ದೆಯಲ್ಲಿ ಲೀನ್ ಸಿಕ್ಕ ದಿನ ಹಳೆಯ ಲೀನ್ ತಾನಾಗಿಯೇ ಮುಗಿಯುತ್ತದೆ, ಏಕೆಂದರೆ ಒಬ್ಬ ನೌಕರನಿಗೆ ಎರಡು ಕಡೆ ಲೀನ್ ಇರುವುದಿಲ್ಲ.

ತಾಂತ್ರಿಕ ರಾಜೀನಾಮೆ ಬೇರೆ, ಲೀನ್ ಬೇರೆ ಎಂಬುದನ್ನು ಮರೆಯಬಾರದು. ಮೊದಲ ಕೆಲಸದಲ್ಲಿ ಇನ್ನೂ ಪ್ರೊಬೇಷನ್‌ನಲ್ಲಿರುವವರಿಗೆ ಲೀನ್ ಇಲ್ಲ, ಅವರಿಗೆ ಮರಳುವ ದಾರಿಯೂ ಇಲ್ಲ. ಆದರೆ ಸೇವೆ ಜೋಡಣೆಯ ಲಾಭ ಕೊಡುವ ತಾಂತ್ರಿಕ ರಾಜೀನಾಮೆ ಅವರಿಗೂ ಸಿಗುತ್ತದೆ. ತಾತ್ಕಾಲಿಕವಾಗಿ ಅಡ್‌ಹಾಕ್ ಹುದ್ದೆಯಲ್ಲಿದ್ದವರಿಗೆ ಮಾತ್ರ ಎರಡೂ ಇಲ್ಲ. ಇನ್ನು ಸಾರ್ವಜನಿಕ ಉದ್ದಿಮೆಗೋ ಸ್ವಾಯತ್ತ ಸಂಸ್ಥೆಗೋ ಹೋಗುವವರಿಗೆ ಲೀನ್ ಇರುವುದಿಲ್ಲ. ಲೀನ್ ಉಳಿಯುವುದು ಕೇಂದ್ರ ಅಥವಾ ರಾಜ್ಯ ಸರ್ಕಾರದ ಇಲಾಖೆಗೆ ಹೋದಾಗ.

ಇಷ್ಟೆಲ್ಲ ಕಾಗದ ಓಡಾಡಿಸಿ ಗಳಿಸುವುದೇನು? ಆಕೆಯ ಖಾತೆಯಲ್ಲಿ 120 ದಿನ ಗಳಿಕೆ ರಜೆ ಇದೆ ಎನ್ನಿ. ತಾಂತ್ರಿಕ ರಾಜೀನಾಮೆಯಾದರೆ ಅಷ್ಟೂ ಹೊಸ ಇಲಾಖೆಗೆ ವರ್ಗವಾಗುತ್ತದೆ. ಸಾಮಾನ್ಯ ರಾಜೀನಾಮೆಯಾದರೆ ಅರ್ಧಕ್ಕೆ, ಅಂದರೆ 60 ದಿನಕ್ಕೆ ಮಾತ್ರ ನಗದು ಸಿಗುತ್ತದೆ. ದೊಡ್ಡ ವ್ಯತ್ಯಾಸ ಗ್ರಾಚ್ಯುಟಿಯಲ್ಲಿ. ಅಂಚೆ ಇಲಾಖೆಯಲ್ಲಿ ದುಡಿದದ್ದು 4 ವರ್ಷ 8 ತಿಂಗಳು. ಎನ್‌ಪಿಎಸ್‌ನ ಹಣ ಆಕೆಯ ಪ್ರಾನ್ ಸಂಖ್ಯೆಯಲ್ಲೇ ಇರುವುದರಿಂದ ಅದು ಎಲ್ಲಿಯೂ ಹೋಗುವುದಿಲ್ಲ. ಆದರೆ ಗ್ರಾಚ್ಯುಟಿ ಎಣಿಸುವುದು ಸೇವೆಯ ಪ್ರತಿ ಆರು ತಿಂಗಳಿಗೆ ಕಾಲು ತಿಂಗಳ ವೇತನದಂತೆ. ಈ ಸೇವೆಯಲ್ಲಿ ಒಂಬತ್ತು ಪೂರ್ಣ ಅರ್ಧವರ್ಷಗಳಿವೆ. ಅಂದರೆ ನಿವೃತ್ತಿಯ ಹೊತ್ತಿಗಿರುವ ವೇತನದ ಲೆಕ್ಕದಲ್ಲಿ ಸುಮಾರು ಎರಡೂಕಾಲು ತಿಂಗಳ ಮೊತ್ತ. ‘ವೈಯಕ್ತಿಕ ಕಾರಣ’ ಎಂಬ ಎರಡು ಪದಕ್ಕೆ ತೆರಬೇಕಾದ ಬೆಲೆ ಇದು. ಹತ್ತು ಹನ್ನೆರಡು ವರ್ಷ ಸೇವೆ ಮಾಡಿ ಬೇರೆಡೆ ಹೋಗುವವರ ನಷ್ಟ ಇನ್ನೂ ದೊಡ್ಡದು.

ಕರ್ನಾಟಕ ಸರ್ಕಾರದ ನೌಕರರಿಗೂ ಇದೇ ತತ್ವ. ಕರ್ನಾಟಕ ನಾಗರಿಕ ಸೇವಾ ನಿಯಮಗಳ, ಅಂದರೆ ಕೆಸಿಎಸ್‌ಆರ್‌ನ 252ನೇ ನಿಯಮದ ಪ್ರಕಾರ ರಾಜೀನಾಮೆಯಿಂದ ಹಿಂದಿನ ಸೇವೆ ನಷ್ಟವಾಗುತ್ತದೆ. ಸೂಕ್ತ ಅನುಮತಿಯೊಂದಿಗೆ ಇನ್ನೊಂದು ಹುದ್ದೆಗೆ ಸೇರಲು ಕೊಟ್ಟ ರಾಜೀನಾಮೆಗೆ ಅದರ ‘ಬಿ’ ಉಪನಿಯಮ ವಿನಾಯಿತಿ ಕೊಡುತ್ತದೆ. ಶಾಲಾ ಕಚೇರಿಗಳಲ್ಲಿ ‘252 ಬಿ ಅಡಿ ಬಿಡುಗಡೆ’ ಎಂಬ ಮಾತು ಕೇಳಿಬರುವುದು ಇದಕ್ಕೇ. ಲೀನ್ ವಿಚಾರದಲ್ಲಿ ರಾಜ್ಯದವರು ಕೇಂದ್ರದ ಸುತ್ತೋಲೆಯನ್ನಲ್ಲ, ಕೆಸಿಎಸ್‌ಆರ್ ಅನ್ನೇ ಆಧಾರವಾಗಿ ಉಲ್ಲೇಖಿಸಬೇಕು.

ಪತ್ರ ಕೊಟ್ಟಾಯಿತೆಂದು ಹೊರಟುಬಿಡಬೇಡಿ. ಬಿಡುಗಡೆ ಆದೇಶ ಕೈಗೆ ಬಂದಾಗ ನಿಂತಲ್ಲೇ ಓದಿ. ಅದರಲ್ಲಿ ತಾಂತ್ರಿಕ ರಾಜೀನಾಮೆ ಅಂಗೀಕರಿಸಲಾಗಿದೆ, ಇಂಥ ಹುದ್ದೆಗೆ ಸೇರಲು ಬಿಡುಗಡೆ ಮಾಡಲಾಗಿದೆ, ಲೀನ್ ಇಷ್ಟು ಅವಧಿಗೆ ಉಳಿಸಲಾಗಿದೆ ಎಂಬ ಮೂರೂ ಅಂಶ ಇರಬೇಕು. ಬರೀ ‘ರಾಜೀನಾಮೆ ಅಂಗೀಕರಿಸಲಾಗಿದೆ’ ಎಂದಿದ್ದರೆ, ಹೊಸ ಕಚೇರಿಗೆ ಹೋಗುವ ಮುನ್ನವೇ ತಿದ್ದುಪಡಿ ಆದೇಶ ಕೇಳಿ. ಆದೇಶ ಮಾಡಿದ ಅಧಿಕಾರಿ ವರ್ಗವಾಗಿ, ವಿಷಯ ನಿರ್ವಾಹಕರು ಬದಲಾಗಿ ಹತ್ತು ವರ್ಷವಾದ ಮೇಲೆ ಈ ತಿದ್ದುಪಡಿ ಮಾಡಿಸುವುದು ಬಹಳ ಕಷ್ಟ. ಬೇಬಾಕಿ ಪ್ರಮಾಣಪತ್ರ, ಅಂತಿಮ ವೇತನ ಪ್ರಮಾಣಪತ್ರ ಮತ್ತು ರಜೆ ಲೆಕ್ಕದ ಪ್ರತಿ ನಿಮ್ಮ ಬಳಿ ಇರಲಿ. ರಾಜೀನಾಮೆಯ ನಮೂದು ಸೇವಾ ಪುಸ್ತಕದಲ್ಲಿ ‘ತಾಂತ್ರಿಕ’ ಎಂದೇ ಆಗಿದೆಯೇ ನೋಡಿ. ಆ ಪುಸ್ತಕ ಹೊಸ ಇಲಾಖೆಗೆ ತಲುಪಿದೆಯೇ ಎಂದು ಎರಡು ಮೂರು ತಿಂಗಳಲ್ಲಿ ವಿಚಾರಿಸಿ. ನಡುವೆ ಒಂದು ದಿನವೂ ಲೆಕ್ಕವಿಲ್ಲದ ಬಿಡುವು ಬೀಳದಂತೆ, ಸೇರ್ಪಡೆ ಕಾಲಾವಧಿಯೊಳಗೇ ಹಾಜರಾಗಿ.

ಈಗ ಸರ್ಕಾರಿ ಸೇವೆಯಲ್ಲಿದ್ದು, ಯಾವುದಾದರೂ ಪರೀಕ್ಷೆಗೆ ಅರ್ಜಿ ಹಾಕಿ ಕಚೇರಿಗೆ ಇನ್ನೂ ತಿಳಿಸದೆ ಇರುವವರು ಫಲಿತಾಂಶಕ್ಕೆ ಕಾಯಬೇಡಿ. ನಾಳೆ ಕಚೇರಿಗೆ ಹೋದ ಕೂಡಲೇ ಆ ಒಂದು ಪತ್ರ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.