ಹೊಳೆ ಎಲ್ಲಿದೆ ಎಂದು ಕೇಳಿದ ಅತಿಥಿಗೆ

ಸಕಲೇಶಪುರದ ಕಡೆ ಕಾಫಿ ತೋಟದೊಳಗೊಂದು ಹೋಂಸ್ಟೇ ಇದೆ ಎಂದಿಟ್ಟುಕೊಳ್ಳಿ. ಏಪ್ರಿಲ್ ಕೊನೆಯಲ್ಲಿ ಬಂದು ಹೋದ ಅತಿಥಿಯೊಬ್ಬರು ಒಂದೇ ಸ್ಟಾರ್ ಕೊಟ್ಟು ಹೀಗೆ ಬರೆದಿದ್ದಾರೆ: "ಹೊಳೆ ಪಕ್ಕದ ಮನೆ ಅಂತ ಹಾಕಿದ್ದಾರೆ. ಹೊಳೆ ಪಕ್ಕದಲ್ಲಿಲ್ಲ, ಅದರಲ್ಲಿ ನೀರೂ ಇಲ್ಲ. ಮಧ್ಯಾಹ್ನ ಬಿಸಿನೀರು ಕೇಳಿದರೆ ಕೊಡಲಿಲ್ಲ. ಎಲ್ಲ ಮೋಸ."

'ಮೋಸ' ಎಂಬ ಮಾತು ಕಣ್ಣಿಗೆ ಬಿದ್ದ ಕೂಡಲೇ ಮನೆಯವರ ಕೈ ಮೊಬೈಲಿಗೆ ಹೋಗುತ್ತದೆ. "ಲಿಸ್ಟಿಂಗ್ ಸರಿಯಾಗಿ ಓದಿದ್ದರೆ ಗೊತ್ತಾಗುತ್ತಿತ್ತು, ಹತ್ತು ನಿಮಿಷದ ನಡಿಗೆ ಅಂತ ಸ್ಪಷ್ಟವಾಗಿ ಬರೆದಿದ್ದೇವೆ" ಎಂಬ ಉತ್ತರ ಆಗಲೇ ಸಿದ್ಧವಾಗಿರುತ್ತದೆ. ಅದನ್ನು ಕಳಿಸಬಾರದು. ಅದು ಒರಟಾಗಿದೆ ಎನ್ನುವುದಕ್ಕಿಂತ, ಅದರಲ್ಲಿ ಪೂರ್ತಿ ಸತ್ಯವಿಲ್ಲ ಎನ್ನುವುದೇ ದೊಡ್ಡ ಕಾರಣ.

ಮೊದಲು ಮಾಡಬೇಕಾದದ್ದು ದೂರನ್ನು ಬಿಡಿಸಿಡುವ ಕೆಲಸ. ಇಲ್ಲಿರುವುದು ಒಂದು ದೂರಲ್ಲ, ಮೂರು: ಹೊಳೆಯ ದೂರ, ಹೊಳೆಯ ನೀರು, ಬಿಸಿನೀರು. ಒಂದೊಂದಕ್ಕೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹಣ ಕಟ್ಟುವ ಮೊದಲು ಈ ಅತಿಥಿಯ ಕಣ್ಣಿಗೆ ಬಿದ್ದದ್ದೇನು? ಇವತ್ತಿನ ಲಿಸ್ಟಿಂಗ್ ನೋಡಿದರೆ ಸಾಲದು, ಅವರು ಬುಕ್ ಮಾಡಿದ ದಿನ ಅದು ಹೇಗಿತ್ತು ಎಂಬುದು ಮುಖ್ಯ. ಆದ್ದರಿಂದಲೇ ಲಿಸ್ಟಿಂಗ್ ಬದಲಿಸುವಾಗಲೆಲ್ಲ ಹಳೆಯದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಹಾಗೆ ನೋಡಿದಾಗ ತಿಳಿಯುವುದಿಷ್ಟು. ಶೀರ್ಷಿಕೆಯಲ್ಲಿ 'ಹೊಳೆ ಪಕ್ಕದ ಮನೆ' ಎಂದಿದೆ. ಹತ್ತು ನಿಮಿಷದ ನಡಿಗೆಯ ವಿಷಯ ಇರುವುದು ನಾಲ್ಕನೇ ಪ್ಯಾರಾದಲ್ಲಿ. ಮೊದಲ ಫೋಟೊದಲ್ಲಿ ಹೊಳೆ ತುಂಬಿ ಹರಿಯುತ್ತಿದೆ, ಆದರೆ ಅದನ್ನು ತೆಗೆದದ್ದು ಆಗಸ್ಟ್‌ನಲ್ಲಿ. ಬಿಸಿನೀರಿನ ಸಮಯ ಮಾತ್ರ ಲಿಸ್ಟಿಂಗ್‌ನಲ್ಲೂ ಬುಕಿಂಗ್ ಸಂದೇಶದಲ್ಲೂ ಸರಿಯಾಗಿದೆ. ಅಂದರೆ ಮೂರು ದೂರುಗಳಲ್ಲಿ ಎರಡು ನ್ಯಾಯವಾದವು.

"ಕೆಳಗೆ ಬರೆದಿದ್ದೆವಲ್ಲ" ಎಂಬ ಸಮಜಾಯಿಷಿ ಕಾನೂನಿನ ಕಣ್ಣಲ್ಲೂ ಗಟ್ಟಿಯಾದದ್ದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮುಖ್ಯ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚುವುದೂ ದಾರಿತಪ್ಪಿಸುವ ಜಾಹೀರಾತೇ. ಜಾಹೀರಾತಿನ ದಾರಿತಪ್ಪಿಸುವ ಮಾತನ್ನು ಷರಾ ಬರೆದು ತಿದ್ದಲು ಹೋಗಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಹೇಳುತ್ತದೆ. ತಲೆಬರಹ ಒಂದು ಹೇಳಿ ನಾಲ್ಕನೇ ಪ್ಯಾರಾ ಇನ್ನೊಂದು ಹೇಳಿದರೆ, ಸರಿಪಡಿಸಬೇಕಾದದ್ದು ತಲೆಬರಹವನ್ನೇ.

ಆದ್ದರಿಂದ ಮೊದಲು ಲಿಸ್ಟಿಂಗ್ ತಿದ್ದಿ, ಆಮೇಲೆ ಉತ್ತರ ಬರೆಯಬೇಕು. ಸದ್ದಿಲ್ಲದೆ ತಿದ್ದಿ "ಎಲ್ಲ ಸ್ಪಷ್ಟವಾಗಿಯೇ ಇದೆ" ಎಂದರೆ, ಹಳೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರುವ ಅತಿಥಿಯ ಮುಂದೆ ಆಗ ನಿಜಕ್ಕೂ ಮೋಸಗಾರರಾಗುತ್ತೇವೆ. ತಿದ್ದಿದ ದಿನಾಂಕವನ್ನೂ ಹೇಳಿಬಿಡಬೇಕು. ಉತ್ತರ ಹೀಗಿರಬಹುದು:

"ನಮಸ್ಕಾರ. ಹೊಳೆ ನಮ್ಮ ಮನೆಯಿಂದ 600 ಮೀಟರ್ ದೂರದಲ್ಲಿದೆ. 'ಹೊಳೆ ಪಕ್ಕದ ಮನೆ' ಎಂದು ಹಾಕಿದ್ದು ನಮ್ಮ ತಪ್ಪು. ಫೋಟೊ ಆಗಸ್ಟ್‌ನದು, ಬೇಸಿಗೆಯಲ್ಲಿ ಹೊಳೆ ಬತ್ತುತ್ತದೆ ಎಂದು ನಾವು ತಿಳಿಸಿರಲಿಲ್ಲ. ಮೇ 3ರಂದು ಶೀರ್ಷಿಕೆ ಬದಲಿಸಿದ್ದೇವೆ, ಏಪ್ರಿಲ್‌ನ ಫೋಟೊವನ್ನೂ ಸೇರಿಸಿದ್ದೇವೆ. ಬಿಸಿನೀರು ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 8 ಎಂಬುದು ಲಿಸ್ಟಿಂಗ್‌ನಲ್ಲೂ ಬುಕಿಂಗ್ ಸಂದೇಶದಲ್ಲೂ ಇತ್ತು. ಹೊಳೆ ನೋಡಲೆಂದು ಬಂದ ನಿಮಗೆ ನಿರಾಸೆಯಾಯಿತು. ಕ್ಷಮಿಸಿ."

ಒಪ್ಪಿಕೊಳ್ಳಬೇಕಾದದ್ದು ಮೊದಲು ಬಂದಿರುವುದನ್ನು ಗಮನಿಸಿ. ಎರಡು ತಪ್ಪು ಒಪ್ಪಿಕೊಂಡವರು ಮೂರನೆಯದನ್ನು ಅಲ್ಲಗಳೆದರೆ ಓದುವವರು ನಂಬುತ್ತಾರೆ. ಅಲ್ಲಗಳೆಯುವಾಗಲೂ "ನೀವು ಓದಲಿಲ್ಲ" ಎಂಬ ಮಾತಿಲ್ಲ, ಎಲ್ಲಿ ಬರೆದಿತ್ತು ಎಂಬುದಷ್ಟೇ ಇದೆ. ಅತಿಥಿಯ ಹೆಸರು, ಜೊತೆಗೆ ಬಂದವರು, ಕೋಣೆಯಲ್ಲಿ ನಡೆದದ್ದು ಯಾವುದೂ ಇಲ್ಲ. ಹಣ ವಾಪಸ್ ಕೊಡುವುದಿದ್ದರೆ ಆ ಮಾತು ಖಾಸಗಿಯಾಗಿ ನಡೆಯಲಿ, ಅದಕ್ಕೆ ರಿವ್ಯೂ ಅಳಿಸಬೇಕೆಂಬ ಷರತ್ತು ಬೇಡ. ಗೂಗಲ್‌ನ ನಿಯಮಗಳು ಅಂಥ ಆಮಿಷವನ್ನು ನಿಷೇಧಿಸಿವೆ.

ಅತಿಥಿ ಹೇಳಿದ್ದು ಪೂರ್ತಿ ಸುಳ್ಳಾಗಿದ್ದರೆ? ಆಗಲೂ ಕ್ರಮ ಇದೇ, ಒಪ್ಪಿಕೊಳ್ಳುವ ಸಾಲುಗಳಿರುವುದಿಲ್ಲ ಅಷ್ಟೆ. ವ್ಯಾಪಾರಿ ಮತ್ತು ಗ್ರಾಹಕರ ನಡುವೆ ಯಾರ ಮಾತು ನಿಜ ಎಂಬ ತಕರಾರಿನಲ್ಲಿ ಗೂಗಲ್ ನಡುವೆ ಬರುವುದಿಲ್ಲ, ಹಾಗಾಗಿ ರಿವ್ಯೂ ಬಹುತೇಕ ಅಲ್ಲೇ ಉಳಿಯುತ್ತದೆ. ಅದರ ಕೆಳಗೆ ಉಳಿಯುವ ಉತ್ತರವನ್ನು ಓದುವವರು ಮುಂದಿನ ಏಪ್ರಿಲ್‌ಗೆ ಮನೆ ಹುಡುಕುತ್ತಿರುವ ಇನ್ನೊಂದು ಕುಟುಂಬದವರು. ಆಗ ಹೊಳೆಯಲ್ಲಿ ನೀರಿರುವುದಿಲ್ಲ ಎಂಬುದು ಅವರಿಗೆ ಬುಕ್ ಮಾಡುವ ಮೊದಲೇ ತಿಳಿದಿರುತ್ತದೆ.